ಬೆಳಿಗ್ಗೆ ಟಿಕ್ ಟಿಕ್, ಬಿಸಿಯಾದ್ಮೇಲೆ ಇಲ್ಲ: ಇದಕ್ಕೆ ‘ಕ್ಯಾಮ್ ಹೋಗಿದೆ’ ಅಂದ್ರೆ ತಕ್ಷಣ ನಂಬಬೇಡಿ

ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡಿದಾಗ ಇಂಜಿನ್ ಹೆಡ್ ಹತ್ತಿರ ಟಿಕ್ ಟಿಕ್ ಅಂತ ಸದ್ದು ಬಂದು, ಸ್ವಲ್ಪ ದೂರ ಓಡಿಸಿದ ಮೇಲೆ ಕಡಿಮೆಯಾಗುತ್ತಾ? ಹಾಗಿದ್ರೆ ಇದನ್ನು ಓದಿ, ಆಮೇಲೆ ಗ್ಯಾರೇಜಿಗೆ ಹೋಗಿ. ನನ್ನಿಂದ 7,800 ರೂಪಾಯಿ ಕಿತ್ತುಕೊಂಡಿದ್ದಾರೆ. ಬೇಡದ ಕೆಲಸಕ್ಕೆ.

ನನ್ನದು 150 ಸಿಸಿ, ಏರ್ ಕೂಲ್ಡ್, ಒಂದೇ ಸಿಲಿಂಡರ್. ಟ್ಯಾಪೆಟ್‌ಗೆ ಸ್ಕ್ರೂ, ಲಾಕ್ ನಟ್; ವಾಲ್ವ್ ತುದಿಯ ಸಂದು ಸೆಟ್ ಮಾಡೋದು ಅದರಿಂದಲೇ. ರಾಜಾಜಿನಗರದಿಂದ ಹೊರಟರೆ ಯಶವಂತಪುರ ದಾಟುವಷ್ಟರಲ್ಲಿ ಸದ್ದು ಮಾಯ. ನಾನು ಹೋದ ಗ್ಯಾರೇಜಿನವನು ಎರಡು ಸಲ ಆಕ್ಸಿಲರೇಟರ್ ತಿರುಗಿಸಿದ, ಕಿವಿ ಹತ್ತಿರ ಇಟ್ಟ, “ಕ್ಯಾಮ್ ಸವೆದೋಗಿದೆ ಸಾರ್, ರಾಕರ್ ಸಮೇತ ಚೇಂಜ್ ಮಾಡ್ಬೇಕು” ಅಂದ. ಕ್ಯಾಮ್ ಅಂದ್ರೆ ವಾಲ್ವ್ ತೆರೆಸುವ ಉಬ್ಬುಗಳಿರುವ ಶಾಫ್ಟ್, ರಾಕರ್ ಅಂದ್ರೆ ಆ ಉಬ್ಬು ತಳ್ಳಿದಾಗ ವಾಲ್ವ್ ಒತ್ತುವ ತೋಳು. ಅವನು ಸಂದು ಅಳೆಯುವ ಫೀಲರ್ ಗೇಜ್ ಕೈಗೇ ತೆಗೆದುಕೊಳ್ಳಲಿಲ್ಲ. “ಟ್ಯಾಪೆಟ್ ಸೆಟ್ಟಿಂಗ್ ನೋಡಿದ್ರಾ?” ಅಂದೆ. “ಅದೆಲ್ಲಾ ಅಲ್ಲ ಸಾರ್, ಸೌಂಡ್ ಕೇಳಿದ್ರೇ ಗೊತ್ತಾಗುತ್ತೆ” ಅಂದ.

ಸಂಜೆ ಗಾಡಿ ಕೊಟ್ಟಾಗ ಸದ್ದು ಇರಲಿಲ್ಲ. ಮರುದಿನ ಬೆಳಿಗ್ಗೆಯೂ ಇರಲಿಲ್ಲ. ಹಳೇ ಪಾರ್ಟ್ ಕೇಳಿ ತಂದಿದ್ದೆ. ಅದನ್ನು ಪೀಣ್ಯದಲ್ಲಿ ಲೇತ್ ಇಟ್ಟಿರುವ ಪರಿಚಯದವರಿಗೆ ತೋರಿಸಿದೆ. ಅವರು ಕ್ಯಾಮಿನ ಉಬ್ಬು, ಅಂದ್ರೆ ಲೋಬಿನ ಮೂತಿಯ ಮೇಲೆ ಉಗುರು ಎಳೆದು ನೋಡಿದರು. ಎಲ್ಲೂ ತಡೆಯಲಿಲ್ಲ. ಒಂದು ಗೀರಿಲ್ಲ, ಗುಳಿಯಿಲ್ಲ. ಮೈಕ್ರೋಮೀಟರ್ ಹಾಕಿ ಎರಡೂ ಲೋಬಿನ ಎತ್ತರ ಅಳೆದರು. ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಸವೆತದ ಮಿತಿಗಿಂತ ಎರಡೂ ಮೇಲೇ ಇದ್ದವು. ರಾಕರ್‌ಗಳ ಪ್ಯಾಡ್ ಕೂಡ ನುಣ್ಣಗಿತ್ತು. “ಇದ್ರಲ್ಲಿ ಏನ್ ಸವೆದಿದೆ ಅಂತ ಬದಲಾಯಿಸಿದ್ರು?” ಅಂತ ನನ್ನನ್ನೇ ಕೇಳಿದರು. ಅಲ್ಲಿ ನಿಂತು ಕೇಳಿಸಿಕೊಳ್ಳುವಾಗ ಮೈ ಉರಿದುಹೋಯಿತು.

ಹಾಗಾದ್ರೆ ಸದ್ದು ಹೇಗೆ ಹೋಯ್ತು? ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್ ಹೊಸದಾಗಿ ಸೆಟ್ ಮಾಡಲೇಬೇಕು. ಸದ್ದು ಹೋಗಿದ್ದು ಆ ಸೆಟ್ಟಿಂಗ್‌ನಿಂದ! ಹತ್ತು ಹದಿನೈದು ನಿಮಿಷದ ಕೆಲಸ.

ತಿರುಗಿ ಹೋಗಿ ಕೇಳಿದೆ. “ಸೌಂಡ್ ಹೋಯ್ತಲ್ಲ ಸಾರ್, ಇನ್ನೇನ್ ಬೇಕು?” ಕ್ಯಾಮ್ ಅಳತೆ ಸರಿಯಾಗಿದೆಯಲ್ಲ ಅಂದೆ. “ಈಗ್ ಚೆನ್ನಾಗಿದೆ ಸಾರ್, ಮುಂದೆ ಹೋಗ್ತಿತ್ತು.” ಈ ಮಾತು ಇನ್ನೂ ಕಿವಿಯಲ್ಲಿದೆ. ಮುಂದೆ ಹೋಗ್ತಿತ್ತಂತೆ!

ಇಂಥ ಓವರ್‌ಹೆಡ್ ಕ್ಯಾಮ್ ಇಂಜಿನ್‌ನಲ್ಲಿ ರಾಕರ್‌ಗೂ ವಾಲ್ವ್ ತುದಿಗೂ ನಡುವೆ 0.1 ಮಿ.ಮೀ. ಆಸುಪಾಸಿನ ಸಂದು ಇರಬೇಕು. ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿರುತ್ತೆ, ಇನ್‌ಲೆಟ್‌ಗೆ ಒಂದು, ಎಕ್ಸಾಸ್ಟ್‌ಗೆ ಒಂದು. ಸಂದು ಸ್ವಲ್ಪ ಜಾಸ್ತಿಯಾದರೆ ರಾಕರ್ ಬಂದು ವಾಲ್ವ್‌ಗೆ ಬಡಿಯುತ್ತೆ, ಅದೇ ಟಿಕ್ ಟಿಕ್. ಬಿಸಿಯಾದಾಗ ವಾಲ್ವ್ ಉದ್ದವಾಗಿ ಸಂದು ಕಿರಿದಾಗುತ್ತೆ, ಸದ್ದು ತಗ್ಗುತ್ತೆ. ಲೋಬ್ ಸವೆದಿದ್ದರೆ ಹೀಗೆ ಸದ್ದು ಹೋಗಿಬಿಡುವುದು ಕಷ್ಟ. ಆಯಿಲ್ ಬಿಸಿಯಾಗಿ ತೆಳುವಾದಾಗ ಜೋರಾಗಲೂಬಹುದು. ವಾಲ್ವ್ ಪೂರ್ತಿ ತೆರೆಯದೆ ಪಿಕಪ್ಪೂ ಬೀಳುತ್ತೆ.

ಆದರೆ ಕಿವಿಯೊಂದನ್ನೇ ನಂಬಬೇಡಿ. ಸೈಲೆನ್ಸರ್ ಹೆಡ್‌ಗೆ ಸೇರುವ ಕಡೆ ಗ್ಯಾಸ್ಕೆಟ್ ಲೀಕ್ ಇದ್ದರೂ ತಣ್ಣಗಿದ್ದಾಗ ಇಂಥದ್ದೇ ಸದ್ದು ಬಂದು ಬಿಸಿಯಾದಾಗ ಹೋಗುತ್ತೆ. ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯ ಟ್ಯಾಪೆಟ್ ಕ್ಯಾಪ್ ಬಿಚ್ಚಿಸಿ. ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬಂದಾಗ, ಅಂದ್ರೆ ಟೈಮಿಂಗ್ ಗುರುತು ಕೂಡಿ ಎರಡೂ ರಾಕರ್ ಸಡಿಲವಾಗಿದ್ದಾಗ, ಫೀಲರ್ ಗೇಜ್ ಹಾಕಿಸಿ. ಅಂಕಿ ಜಾಸ್ತಿ ಇದ್ದು, ಸೆಟ್ ಮಾಡಿದ ಮೇಲೆ ಸದ್ದು ಹೋಗಿ ಮತ್ತೆ ಬರದಿದ್ದರೆ ಕತೆ ಮುಗಿಯಿತು.

ಗೇಜ್ ಸರಿಯಾಗಿ ತೋರಿಸಿದರೂ ಟಕಟಕ ನಿಲ್ಲದಿದ್ದರೆ, ಅಥವಾ ಸೆಟ್ ಮಾಡಿದ ಕೆಲವೇ ದಿನಕ್ಕೆ ಸಂದು ಮತ್ತೆ ಸಡಿಲವಾದರೆ, ಆಗ ಕ್ಯಾಮ್, ರಾಕರ್ ನೋಡಬೇಕು. ಗೇಜ್ ಹಾಕುವಾಗ ರಾಕರ್ ಕೂತಿರುವುದು ಲೋಬಿನ ಬೆನ್ನಿನ ಮೇಲೆ. ಸವೆಯುವುದು ಮೂತಿ. ಹಾಗಾಗಿ ಮೂತಿ ಸವೆದಿದ್ದರೂ ಗೇಜ್ ಸುಮ್ನೆ ಸರಿ ಅಂತಲೇ ತೋರಿಸುತ್ತೆ. ಮೂತಿಗೆ ಟಾರ್ಚ್ ಬಿಟ್ಟು ಗೀರು, ಗುಳಿ ಇದೆಯಾ ನೋಡಿಸಿ, ಎತ್ತರ ಅಳೆಸಿ. ಅಳತೆ ಹೇಳದೆ “ಕ್ಯಾಮ್ ಹೋಗಿದೆ” ಅಂದರೆ ಗಾಡಿ ತಳ್ಳಿಕೊಂಡಾದರೂ ಹೊರಗೆ ಬನ್ನಿ.

ಇನ್ನೊಂದು. ಸದ್ದೇ ಬರಬಾರದು ಅಂತ ಎಕ್ಸಾಸ್ಟ್ ಟ್ಯಾಪೆಟ್ ಬಿಗಿ ಮಾಡಿಸಬೇಡಿ. ಬಿಸಿಯಲ್ಲಿ ವಾಲ್ವ್ ಪೂರ್ತಿ ಕೂರದೆ ಸುಟ್ಟುಹೋಗುತ್ತೆ, ಆಗ ನಿಜವಾಗಿಯೂ ಹೆಡ್ ಬಿಚ್ಚಬೇಕಾಗುತ್ತೆ.