ಕಂಬ ತೆಗೆದ ಜಾಗದಲ್ಲಿ ಪಟ್ಟೆ ಬಿದ್ದ ಆಕಾಶ: ಗಿಂಪ್ ಬಳಸಿ ಸರಿಮಾಡಿದ್ದು ಹೀಗೆ

ನಾನು ಗಿಂಪ್ ಬಳಸುತ್ತಿರುವುದು 2.8ರ ಕಾಲದಿಂದ. ಆಗ ಅದರಲ್ಲಿ ಇದ್ದದ್ದು 8-ಬಿಟ್ ಮಾತ್ರ. 2018ರಲ್ಲಿ 2.10 ಬಂದ ಮೇಲೆ 16 ಮತ್ತು 32-ಬಿಟ್ ಸಿಕ್ಕಿತು. 2025ರಲ್ಲಿ 3.0 ಬಂತು. ಇಷ್ಟು ವರ್ಷದ ಬಳಕೆಯಲ್ಲಿ ನನಗೆ ಅತಿ ಹೆಚ್ಚು ಕಷ್ಟ ಕೊಟ್ಟ ಒಂದೇ ಕೆಲಸವನ್ನು ಹಿಡಿದು ಈ ವಿಮರ್ಶೆ ಬರೆಯುತ್ತಿದ್ದೇನೆ. ಮೋಡವಿಲ್ಲದ ಆಕಾಶದಿಂದ ಕಂಬ, ತಂತಿ ತೆಗೆದ ಮೇಲೆ ಅಲ್ಲಿ ಬೀಳುವ ಪಟ್ಟೆಗಳು, ಅಂದರೆ ಬ್ಯಾಂಡಿಂಗ್.

ಪೆಟ್ಟು ಬಿದ್ದದ್ದು ಮರವಂತೆಯ ಒಂದು ಫೋಟೋದಲ್ಲಿ. ಹೆದ್ದಾರಿ ಬದಿಯಲ್ಲಿ ನಿಂತು ಸಮುದ್ರದ ಕಡೆ ತೆಗೆದದ್ದು. ಸೂರ್ಯ ಆಗಷ್ಟೇ ಮುಳುಗಿದ್ದ, ಕೆಳಗೆ ಕಿತ್ತಳೆ, ಮೇಲೆ ಹೋದಂತೆ ತಿಳಿ ನೀಲಿ, ಒಂದು ಚೂರೂ ಮೋಡ ಇಲ್ಲ. ಬಲಗಡೆಗೆ ಒಂದು ಬೀದಿದೀಪದ ಕಂಬ. ಅಕ್ಕನ ಮನೆಯ ಹಾಲ್‌ಗೆ 24×16 ಇಂಚಿನ ಪ್ರಿಂಟ್ ಬೇಕಿತ್ತು. ಕ್ಯಾಮೆರಾದ ಜೆಪೆಗ್ ತೆರೆದು, ಕಂಬ ಅಳಿಸಿ, ಆ ಜಾಗವನ್ನು ಬ್ಲರ್ ಮಾಡಿ ನುಣ್ಣಗೆ ಮಾಡಿದೆ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಕಾಣಿಸಿತು. ಪ್ರಿಂಟ್ ಬಂದಾಗ ಅಕ್ಕ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, "ಇಲ್ಲೇನೋ ಒರೆಸಿದ ಹಾಗಿದೆ ಅಲ್ವಾ?" ಅಂದಳು. ಕಂಬ ಇದ್ದಲ್ಲಿ ಒಂದರ ಮೇಲೊಂದು ಅಡ್ಡ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪಕ್ಕದ ಆಕಾಶದಲ್ಲಿ ಒಂದೂ ಇರಲಿಲ್ಲ.

ಪಟ್ಟೆ ಯಾಕೆ ಬಿತ್ತು ಅನ್ನೋದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 8-ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೂ 256 ಮೆಟ್ಟಿಲು. ನನ್ನ ಫೋಟೋದಲ್ಲಿ ಆಕಾಶದ ಎತ್ತರ ಸುಮಾರು 2,400 ಪಿಕ್ಸೆಲ್. ಅಷ್ಟರಲ್ಲಿ ನೀಲಿ ಬಣ್ಣ ಬದಲಾಗುವುದು ಬರೀ 32 ಮೆಟ್ಟಿಲು. ಅಂದರೆ 75 ಪಿಕ್ಸೆಲ್‌ಗೆ ಒಂದು ಮೆಟ್ಟಿಲು. ನನ್ನ ಪ್ರಿಂಟ್‌ನಲ್ಲಿ ಇಂಚಿಗೆ 250 ಪಿಕ್ಸೆಲ್, ಹಾಗಾಗಿ ಒಂದೊಂದು ಪಟ್ಟೆ ಸುಮಾರು 7–8 ಮಿಲಿಮೀಟರ್ ಅಗಲ. ಕಣ್ಣಿಗೆ ಬೀಳದೆ ಇರುತ್ತದಾ?

ಹಾಗಾದರೆ ಪಕ್ಕದ ಆಕಾಶದಲ್ಲಿ ಯಾಕಿಲ್ಲ? ಅಲ್ಲೂ ಅದೇ 256 ಮೆಟ್ಟಿಲು ತಾನೇ. ಅಲ್ಲಿ ಕ್ಯಾಮೆರಾದ ನಾಯ್ಸ್ ಇದೆ. ಒಂದು ಪಿಕ್ಸೆಲ್ 171, ಪಕ್ಕದ್ದು 173, ಅದರ ಪಕ್ಕದ್ದು 170, ಹೀಗೆ ಕಲೆಸಿಕೊಂಡಿರುತ್ತದೆ. ಎಲ್ಲಿ 171 ಮುಗಿದು 172 ಶುರುವಾಯಿತು ಅಂತ ಹೇಳುವ ಗೆರೆಯೇ ಇರುವುದಿಲ್ಲ. ನಾನು ಬ್ಲರ್ ಮಾಡಿದಾಗ ಆ ಕಾಳು ಕಾಳು ಗುಣ ಹೋಯಿತು. 171, 171, 171 ಅಂತ ಒಂದೇ ಸಾಲು, ಆಮೇಲೆ ತಟ್ಟನೆ 172. ಕಲರ್ ಪಿಕರ್ ಹಿಡಿದು ಆ ಜಾಗದಲ್ಲಿ ಮೇಲಿಂದ ಕೆಳಗೆ ಓಡಾಡಿಸಿದರೆ ಇದನ್ನು ನೀವೇ ನೋಡಬಹುದು. ಪಟ್ಟೆ ಫೈಲ್‌ನಲ್ಲೇ ಇದೆಯೋ, ಮಾನಿಟರ್‌ನ ದೋಷವೋ ಅಂತ ತಿಳಿಯಲು ಇದೇ ಸುಲಭದ ದಾರಿ. ಸಂಖ್ಯೆಗಳು ಕಲೆಸಿದ್ದರೆ ಫೈಲ್ ಸರಿಯಿದೆ.

ಎರಡನೇ ಸಲ ಮಾಡಿದ ಕ್ರಮವನ್ನೇ ಇವತ್ತಿಗೂ ಪಾಲಿಸುತ್ತೇನೆ. ರಾ ಫೈಲನ್ನು ಡಾರ್ಕ್‌ಟೇಬಲ್‌ನಲ್ಲಿ ತೆರೆದು 16-ಬಿಟ್ ಟಿಫ್ ಆಗಿ ತೆಗೆದೆ. ಗಿಂಪ್‌ನಲ್ಲಿ ತೆರೆದ ತಕ್ಷಣ, ಬೇರೇನೂ ಮುಟ್ಟುವ ಮೊದಲು, `Image > Precision` ಒಳಗೆ 32-ಬಿಟ್ ಫ್ಲೋಟಿಂಗ್ ಪಾಯಿಂಟ್ ಆರಿಸಿದೆ. ರಾ ಇಲ್ಲದೆ ಬರೀ ಜೆಪೆಗ್ ಇದ್ದರೂ ಇದು ವ್ಯರ್ಥವಲ್ಲ. ಜೆಪೆಗ್‌ನ ಪಿಕ್ಸೆಲ್‌ಗಳು ಕಲೆಸಿಕೊಂಡಿರುವುದರಿಂದ, ಬ್ಲರ್ ಅವುಗಳ ಸರಾಸರಿ ತೆಗೆದಾಗ 171.4, 171.6 ಅಂತ ನಡುವಿನ ಬೆಲೆ ಹುಟ್ಟುತ್ತದೆ. 8-ಬಿಟ್‌ನಲ್ಲಿ ಆ ದಶಾಂಶ ಅಲ್ಲೇ ಕತ್ತರಿಸಿ ಹೋಗುತ್ತದೆ, 32-ಬಿಟ್‌ನಲ್ಲಿ ಉಳಿಯುತ್ತದೆ.

ಆಮೇಲೆ ಫೋಟೋದ ಲೇಯರನ್ನು ನಕಲು ಮಾಡಿ, ಅದರಲ್ಲಿ ಕ್ಲೋನ್ ಟೂಲ್‌ನಿಂದ ಕಂಬವನ್ನು ಪಕ್ಕದ ಆಕಾಶದಿಂದ ಮುಚ್ಚಿದೆ. ಈ ಹಂತದಲ್ಲಿ ಅಚ್ಚುಕಟ್ಟು ಬೇಡ, ಕಪ್ಪು ಕಾಣದಿದ್ದರೆ ಸಾಕು. ಕಂಬ ಹಾಗೇ ಇರುವಾಗ ಬ್ಲರ್ ಮಾಡಿದರೆ ಅದರ ಕಪ್ಪು ಸುತ್ತಲೂ ಹರಡಿಕೊಳ್ಳುತ್ತದೆ, ಅದಕ್ಕೆ ಮೊದಲು ಮುಚ್ಚುವುದು. ನಂತರ 60 ಪಿಕ್ಸೆಲ್‌ನ ಗಾಸಿಯನ್ ಬ್ಲರ್. ಕೊನೆಗೆ ಮಾಸ್ಕ್ ಹಾಕಿ ಕಂಬ ಇದ್ದ ಜಾಗದಲ್ಲಿ ಮಾತ್ರ ಈ ಲೇಯರ್ ಕಾಣುವಂತೆ ಮಾಡಿದೆ. ಇದನ್ನು ನಾನು ತೇಪೆ ಅಂತ ಕರೆಯುತ್ತೇನೆ. ಸಮುದ್ರದ ಅಂಚಿನ ಹತ್ತಿರ ಬ್ಲರ್ ಮಾಡಿದ ತೇಪೆ ಹಾಕಬೇಡಿ, ನೀರಿನ ಕಪ್ಪು ಮೇಲಕ್ಕೆ ಏರುತ್ತದೆ. ಅಲ್ಲಿ ಹೀಲ್ ಟೂಲ್ ಒಂದೇ ಸಾಕು.

ಈಗ ತೇಪೆಗೆ ಬಣ್ಣ ಕೂಡಿತು, ಆದರೆ ಮೈ ಕನ್ನಡಿಯ ಹಾಗೆ ನುಣುಪು. ಪಕ್ಕದ ಆಕಾಶದಷ್ಟೇ ನಾಯ್ಸ್ ಇದಕ್ಕೂ ಬೇಕು. ಕಣ್ಣಳತೆಯಲ್ಲಿ ಹಾಕಿ ತುಂಬ ಸಲ ಕೈ ಸುಟ್ಟುಕೊಂಡಿದ್ದೇನೆ, ಹಾಗಾಗಿ ಈಗ ಅಳೆದೇ ಹಾಕುವುದು. `Ctrl+D` ಒತ್ತಿ ಇಡೀ ಚಿತ್ರದ ನಕಲು ತೆರೆಯಿರಿ. ಅದನ್ನು ಫ್ಲಾಟನ್ ಮಾಡಿ 8-ಬಿಟ್‌ಗೆ ಇಳಿಸಿ, ಆಗ ಲೆಕ್ಕ 0ಯಿಂದ 255ರ ಮೆಟ್ಟಿಲಲ್ಲೇ ಸಿಗುತ್ತದೆ. ತೇಪೆಯ ಪಕ್ಕದಲ್ಲಿ, ಅದೇ ಎತ್ತರದಲ್ಲಿ, 80×80 ಪಿಕ್ಸೆಲ್‌ನ ಚೌಕ ಆರಿಸಿ ಹಿಸ್ಟೋಗ್ರಾಂ ತೆರೆಯಿರಿ. ಅದರಲ್ಲಿ `Std dev` ಅಂತ ಒಂದು ಸಂಖ್ಯೆ ಇದೆ. ಪಿಕ್ಸೆಲ್‌ಗಳು ಸರಾಸರಿಯಿಂದ ಎಷ್ಟು ಆಚೀಚೆ ಇವೆ ಅನ್ನುವುದರ ಅಳತೆ ಅದು. ಚೌಕ ದೊಡ್ಡದಾದರೆ ಆಕಾಶದ ಬಣ್ಣ ಬದಲಾಗುವುದೂ ಅದರಲ್ಲಿ ಸೇರಿಕೊಂಡು ಸಂಖ್ಯೆ ಸುಮ್ನೆ ಉಬ್ಬುತ್ತದೆ. ನನಗೆ ಸಿಕ್ಕಿದ್ದು ಕೆಂಪಿಗೆ 1.9, ಹಸಿರಿಗೆ 1.4, ನೀಲಿಗೆ 2.3. ಅದೇ ಚೌಕವನ್ನು ತೇಪೆಯ ಮೇಲೆ ಇಟ್ಟರೆ ಮೂರಕ್ಕೂ 0.4ರ ಆಸುಪಾಸು.

ನಾಯ್ಸನ್ನು ತೇಪೆಯ ಮೇಲೆ ನೇರವಾಗಿ ಹಾಕುವುದಿಲ್ಲ. ಹೊಸ ಲೇಯರ್ ಮಾಡಿ `808080` ಬೂದು ತುಂಬಿ, ಮೋಡನ್ನು `Grain merge` ಮಾಡಿ, ತೇಪೆಯ ಮಾಸ್ಕನ್ನೇ ಇದಕ್ಕೂ ಹಾಕುತ್ತೇನೆ. ನಡು ಬೂದು ಏನನ್ನೂ ಬದಲಿಸುವುದಿಲ್ಲ, ಅದಕ್ಕಿಂತ ಮೇಲೆ ಕೆಳಗೆ ಹೋದ ಕಾಳು ಮಾತ್ರ ಆಕಾಶಕ್ಕೆ ಸೇರುತ್ತದೆ. ಈ ಲೇಯರಿಗೆ `Filters > Noise > RGB Noise`. ಅದರಲ್ಲಿ `Independent RGB` ಮತ್ತು `Gaussian distribution` ಟಿಕ್ ಇರಲಿ, `Linear RGB` ಮತ್ತು `Correlated noise` ತೆಗೆಯಿರಿ. ಮೂರು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರ್ ಇದೆ. ಸಣ್ಣ ಬೆಲೆಯಿಂದ ಶುರುಮಾಡಿ, ಮತ್ತೆ ನಕಲು ತೆಗೆದು ಅಳೆಯಿರಿ.

ಮೊದಲ ಸಲ ಸಂಖ್ಯೆಗಳು ಸರಿಯಾಗಿ ಕೂಡಿದರೂ ತೇಪೆ ಎದ್ದು ಕಾಣುತ್ತಲೇ ಇತ್ತು. 200% ಹಿಗ್ಗಿಸಿ ನೋಡಿದಾಗ ಕಾರಣ ಸಿಕ್ಕಿತು. ಫಿಲ್ಟರ್ ಹಾಕುವ ನಾಯ್ಸ್ ಒಂದೊಂದು ಪಿಕ್ಸೆಲ್‌ದು, ಚಿರೋಟಿ ರವೆಯ ಹಾಗೆ. ಫೋಟೋದ ನಾಯ್ಸ್ ಎರಡು ಮೂರು ಪಿಕ್ಸೆಲ್ ಸೇರಿ ಉಂಡೆಯಾದದ್ದು, ಬನ್ಸಿ ರವೆಯ ಹಾಗೆ. ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ಹಿಡಿಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದಿಂದ ಲೆಕ್ಕ ಹಾಕಿ ತುಂಬಿಸುತ್ತಾರೆ. ಹಾಗಾಗಿ ಕಾಳು ದಪ್ಪಗಾಗುತ್ತದೆ. ಪರಿಹಾರ ಸುಲಭ, ಬೂದು ಲೇಯರಿಗೆ 0.7 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡುವುದು. ಆದರೆ ಇಷ್ಟು ಬ್ಲರ್‌ಗೇ ನಾಯ್ಸಿನ ಬಲ ಸುಮಾರು 0.4 ಪಟ್ಟಿಗೆ ಇಳಿಯುತ್ತದೆ. ಹಾಗಾಗಿ ಬ್ಲರ್‌ಗೆ ಮೊದಲು ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ನಾಯ್ಸ್ ಹಾಕಬೇಕು. ನಾಲ್ಕನೇ ಅಳತೆಯಲ್ಲಿ 1.8, 1.5, 2.2 ಬಂತು. ಅಷ್ಟಕ್ಕೆ ನಿಲ್ಲಿಸಿದೆ.

3.0 ನಿಜವಾಗಿ ನೆರವಾಗುವುದು ಇಲ್ಲಿಯೇ. ಫಿಲ್ಟರ್‌ಗಳು ಲೇಯರಿಗೆ ಅಂಟಿಕೊಂಡೇ ಇರುತ್ತವೆ, ಯಾವಾಗ ಬೇಕಾದರೂ ತೆರೆದು ಸಂಖ್ಯೆ ತಿದ್ದಬಹುದು. 2.10ರಲ್ಲಿ ಪ್ರತಿ ಸಲ ಅನ್‌ಡು ಮಾಡಿ ಮೊದಲಿನಿಂದ ಹಾಕಬೇಕಿತ್ತು.

ಮಾಸ್ಕಿನ ಅಂಚಿನ ಬಗ್ಗೆ ಒಂದು ಮಾತು. ಅಂಚು ಮೃದುವಾದಷ್ಟೂ ಒಳ್ಳೆಯದು ಅಂತ ನಾನು ಮೊದಲು 150 ಪಿಕ್ಸೆಲ್ ಫೆದರ್ ಕೊಡುತ್ತಿದ್ದೆ. ಆ ಅಂಚಿನ ನಟ್ಟನಡುವೆ ಹಳೆಯ ನಾಯ್ಸ್ ಅರ್ಧ, ಹೊಸದು ಅರ್ಧ. ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲದ್ದರಿಂದ ಎರಡರ್ಧ ಸೇರಿದರೂ ಒಂದಾಗುವುದಿಲ್ಲ, ಸುಮಾರು 0.7 ಆಗುತ್ತದೆ. ಕಂಬದ ಸುತ್ತ ನುಣ್ಣನೆಯ ಅಂಚೊಂದು ಉಳಿಯುತ್ತದೆ. ಈಗ 15–20 ಪಿಕ್ಸೆಲ್ ಮಾತ್ರ ಕೊಡುತ್ತೇನೆ.

ಮುಗಿಸುವ ಮುನ್ನ ಒಂದು ಪರೀಕ್ಷೆ. `Layer > New from Visible` ಮಾಡಿ, ಆ ಲೇಯರಿಗೆ ಲೆವೆಲ್ಸ್ ತೆರೆದು, ಆಕಾಶದ ಬೆಲೆಗಳಿರುವ ಸಣ್ಣ ಭಾಗವನ್ನಷ್ಟೇ ಕಪ್ಪಿನಿಂದ ಬಿಳಿಯವರೆಗೆ ಎಳೆಯಿರಿ. ಅಡಗಿರುವ ಪಟ್ಟೆ, ತೇಪೆಯ ಅಂಚು ಎರಡೂ ಆಗ ಎದ್ದು ನಿಲ್ಲುತ್ತವೆ. ನೋಡಿದ ಮೇಲೆ ಆ ಲೇಯರ್ ಅಳಿಸಿ. ನೋಡುವುದು 100% ಹಿಗ್ಗಿನಲ್ಲೇ ಇರಲಿ, ಕುಗ್ಗಿಸಿದ ಚಿತ್ರದಲ್ಲಿ ನಾಯ್ಸ್ ತಾನಾಗಿಯೇ ಕಡಿಮೆ ಕಾಣುತ್ತದೆ.

ಪ್ರಿಂಟ್ ಹಾಕುವವರು 8-ಬಿಟ್ ಜೆಪೆಗ್ ಮಾತ್ರ ತೆಗೆದುಕೊಳ್ಳುತ್ತಿದ್ದರು. ಇಷ್ಟೆಲ್ಲ ಮಾಡಿ ಕೊನೆಗೆ 8-ಬಿಟ್ಟೇ ಆಯಿತಲ್ಲ ಅನ್ನಿಸಬಹುದು. ತೊಂದರೆ ಇಲ್ಲ. ಮೆಟ್ಟಿಲನ್ನು ಮರೆಮಾಡಲು ಅರ್ಧ ಮೆಟ್ಟಿಲಿನಷ್ಟು ನಾಯ್ಸ್ ಸಾಕು, ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಇದೆ. ಜೆಪೆಗ್ ಗುಣಮಟ್ಟ ಮಾತ್ರ 95ಕ್ಕಿಂತ ಇಳಿಸಬೇಡಿ. ಜೆಪೆಗ್ 8×8ರ ಚೌಕಗಳಲ್ಲಿ ಕೆಲಸ ಮಾಡುತ್ತದೆ, ಒತ್ತಿದಂತೆ ಮೊದಲು ಬಿಸಾಡುವುದೇ ಈ ಸಣ್ಣ ನಾಯ್ಸನ್ನು. ಮೆಸೇಜ್ ಆ್ಯಪ್‌ಗಳಲ್ಲಿ ಫೋಟೋ ಕಳಿಸಿದಾಗ ಪಟ್ಟೆ ಮತ್ತೆ ಬರುವುದು ಇದಕ್ಕೇ. ಡಾಕ್ಯುಮೆಂಟ್ ಆಗಿ ಕಳಿಸಿ.

ಕೊರತೆಗಳನ್ನೂ ಹೇಳಬೇಕು. ಹಿಸ್ಟೋಗ್ರಾಂ ಆರಿಸಿದ ಲೇಯರನ್ನು ಮಾತ್ರ ಅಳೆಯುತ್ತದೆ, ಕಾಣುವ ಚಿತ್ರವನ್ನಲ್ಲ. ಹಾಗಾಗಿಯೇ ಈ ನಕಲಿನ ಓಡಾಟ. 24 ಮೆಗಾಪಿಕ್ಸೆಲ್‌ನ ಒಂದು ಲೇಯರ್ 32-ಬಿಟ್‌ನಲ್ಲಿ ಸುಮಾರು 384 ಎಂಬಿ ತಿನ್ನುತ್ತದೆ. 8 ಜಿಬಿ ರ‍್ಯಾಮ್‌ನ ನನ್ನ ಲ್ಯಾಪ್‌ಟಾಪ್‌ನಲ್ಲಿ ಐದನೇ ಲೇಯರ್ ಹೊತ್ತಿಗೆ ಉಸಿರು ಕಟ್ಟುತ್ತದೆ. ಆಗ 16-ಬಿಟ್ ಇಂಟಿಜರ್‌ಗೆ ಇಳಿಸುತ್ತೇನೆ. 65,536 ಮೆಟ್ಟಿಲು ಈ ಕೆಲಸಕ್ಕೆ ಧಾರಾಳ, ಮೆಮೊರಿ ಅರ್ಧ. ಮಂದ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದ ಫೋಟೋಗಳಿಗೆ ಮಾತ್ರ ಈ ಫಿಲ್ಟರ್ ನಾಯ್ಸ್ ಸಾಲದು, ಅಲ್ಲಿನ ಕಾಳು ಬಣ್ಣ ಬಣ್ಣದ ಕಲೆಗಳಾಗಿರುತ್ತವೆ. ಅಂಥಲ್ಲಿ ಬ್ಲರ್ ಮಾಡಿದ ನಕಲನ್ನು ಮೂಲದ ಮೇಲೆ `Grain extract` ಮೋಡಿನಲ್ಲಿ ಇಟ್ಟು, `New from Visible` ಮಾಡಿ ಫೋಟೋದ ನಾಯ್ಸನ್ನೇ ಬೇರೆ ತೆಗೆಯುತ್ತೇನೆ. ಅದರಿಂದ ತೇಪೆಯ ಪಕ್ಕದ, ಅದೇ ಎತ್ತರದ ತುಂಡನ್ನು ಬೂದು ಲೇಯರಿಗೆ ಕ್ಲೋನ್ ಮಾಡುತ್ತೇನೆ. ಸಮಯ ಹಿಡಿಯುತ್ತದೆ, ಒಂದೇ ತುಂಡನ್ನು ಎರಡು ಸಲ ಬಳಸಿದರೆ ಕಣ್ಣಿಗೆ ಬೀಳುತ್ತದೆ.

ಎರಡನೇ ಪ್ರಿಂಟ್ ಈಗ ಅಕ್ಕನ ಮನೆಯ ಹಾಲ್‌ನಲ್ಲಿದೆ, ಕಿಟಕಿಯ ಎದುರು ಗೋಡೆಗೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗಲೂ ಕಂಬ ಎಲ್ಲಿತ್ತು ಅಂತ ನನಗೇ ಹುಡುಕಬೇಕಾಗುತ್ತದೆ.