ಷೇರನ್ನೇ ಕೊಳ್ಳುವುದೋ, ಕಾಲ್ ಆಪ್ಷನ್ ಕೊಳ್ಳುವುದೋ?

ಒಂದು ಷೇರಿನ ಇಂದಿನ ಬೆಲೆ 100 ಎಂದಿಟ್ಟುಕೊಳ್ಳೋಣ. ಷೇರನ್ನೇ ಕೊಂಡವರು ಪೂರ್ತಿ 100 ತೆತ್ತು ಅದರ ಒಡೆಯರಾಗುತ್ತಾರೆ. ಕಾಲ್ ಆಪ್ಷನ್ ಕೊಂಡವರು 3ರ ಪ್ರೀಮಿಯಂ ತೆತ್ತು, ತಿಂಗಳ ಕೊನೆಯ ದಿನ ಆ ಷೇರನ್ನು 105ಕ್ಕೆ ಕೊಳ್ಳುವ ಹಕ್ಕನ್ನು ಪಡೆಯುತ್ತಾರೆಯೇ ಹೊರತು, ಕೊಳ್ಳಲೇಬೇಕೆಂಬ ಬಾಧ್ಯತೆ ಅವರಿಗಿರುವುದಿಲ್ಲ.

ಆ ದಿನ ಬೆಲೆ 85ಕ್ಕೆ ಕುಸಿದಿದ್ದರೆ ಷೇರುದಾರರ ನಷ್ಟ 15, ಕಾಲ್ ಕೊಂಡವರ ನಷ್ಟ 3 ಮಾತ್ರ. ಬೆಲೆ 115 ಆಗಿದ್ದರೆ ಷೇರುದಾರರಿಗೆ 15 ಲಾಭ. ಕಾಲ್ ಕೊಂಡವರ ಹಕ್ಕಿಗೆ 10ರ ಬೆಲೆ ಬಂದು, ಪ್ರೀಮಿಯಂ ಕಳೆದು 7 ಉಳಿಯುತ್ತದೆ, ಅಂದರೆ ಹಾಕಿದ ಹಣದ ಎರಡು ಪಟ್ಟಿಗೂ ಹೆಚ್ಚು.

ಹೊಸಬರು ಎಡವುವುದು ಈ ಎರಡರ ನಡುವೆ. ಬೆಲೆ 104ಕ್ಕೆ ಏರಿದರೆ ಷೇರುದಾರರಿಗೆ 4 ಲಾಭ, ಆದರೆ 104ಕ್ಕೆ ಸಿಗುವುದನ್ನು 105ಕ್ಕೆ ಕೊಳ್ಳುವ ಹಕ್ಕು ಯಾರಿಗೂ ಬೇಡವಾದ್ದರಿಂದ, ಏರಿಕೆಯನ್ನು ಸರಿಯಾಗಿಯೇ ಊಹಿಸಿದ್ದರೂ ಕಾಲ್ ಕೊಂಡವರು 3ನ್ನೂ ಕಳೆದುಕೊಳ್ಳುತ್ತಾರೆ. 108 ದಾಟಿದ ಮೇಲೆಯೇ ಅವರಿಗೆ ಲಾಭ. ಬೆಲೆ ಮರುದಿನವೇ ಅಲ್ಲಿಗೆ ತಲುಪಿದರೂ ಅವರ ಹಕ್ಕು ಮುಗಿದಿರುತ್ತದೆ, ಷೇರುದಾರರು ಕಾಯಬಲ್ಲರು. ಆದ್ದರಿಂದ ಏರಿಕೆಯ ಪ್ರಮಾಣ ಮತ್ತು ಗಡುವು ಎರಡರ ಬಗೆಗೂ ಖಚಿತ ಕಾರಣವಿಲ್ಲದವರಿಗೆ ಷೇರೇ ಸೂಕ್ತವೆಂಬುದು ನನ್ನ ಅಭಿಪ್ರಾಯ.