ಬಾಕ್ಸಿನಲ್ಲಿ ಕೊಂಡು ಪೀಸಿನಲ್ಲಿ ಮಾರುವಾಗ: ಇಆರ್‌ಪಿಯಲ್ಲಿ ಯೂನಿಟ್ ಜೋಡಣೆಯ ನಾಲ್ಕು ದಾರಿಗಳ ಹೋಲಿಕೆ

ಖರೀದಿ ಒಂದು ಯೂನಿಟ್ಟಿನಲ್ಲಿ, ದಾಸ್ತಾನು ಇನ್ನೊಂದರಲ್ಲಿ, ಮಾರಾಟ ಮತ್ತೊಂದರಲ್ಲಿ ನಡೆಯುವ ಸರಕುಗಳಿಗೆ ಇಆರ್‌ಪಿಯಲ್ಲಿ ಯೂನಿಟ್‌ಗಳನ್ನು ಹೇಗೆ ಜೋಡಿಸಬೇಕು ಎಂದು ತಿಳಿಯಲು ನಾಲ್ಕು ದಾರಿಗಳನ್ನು ಪರೀಕ್ಷಾ ಸರ್ವರಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಪರೀಕ್ಷೆ ಸರಳವಾದದ್ದು. ಬಾಕ್ಸಿಗೆ 12 ಪೀಸ್ ಇರುವ ಒಂದು ಐಟಂ, 100 ಬಾಕ್ಸ್ ಖರೀದಿ, ಆಮೇಲೆ 1,200 ಪೀಸ್ ಮಾರಾಟ, ಬಿಲ್ಲಿನ ಒಂದು ಸಾಲಿಗೆ ಒಂದೇ ಪೀಸ್. ಇಷ್ಟಾದ ಮೇಲೆ ಗೋದಾಮಿನಲ್ಲಿ ಏನೂ ಉಳಿದಿರುವುದಿಲ್ಲ. ಸಿಸ್ಟಂ ಕೂಡ ಸೊನ್ನೆ ಎನ್ನುತ್ತದೆಯೇ ಎಂಬುದೊಂದೇ ಪ್ರಶ್ನೆ.

ಮೊದಲ ದಾರಿ ಹೆಚ್ಚಿನ ಕಡೆ ತಾನಾಗಿಯೇ ಬಂದುಬಿಡುತ್ತದೆ. ಐಟಂ ಮಾಸ್ಟರ್ ತುಂಬುವುದು ಖರೀದಿ ವಿಭಾಗ. ಅವರು ಕೊಳ್ಳುವುದು ಬಾಕ್ಸ್. ಹಾಗಾಗಿ ದಾಸ್ತಾನಿನ ಯೂನಿಟ್ ಕೂಡ ಬಾಕ್ಸ್ ಆಗುತ್ತದೆ. ಮಾರಾಟದವರಿಗೆ ಪೀಸ್ ಬೇಕಾದಾಗ 1 ಪೀಸ್ ಅಂದರೆ 0.08333333 ಬಾಕ್ಸ್ ಎಂದು ಗುಣಕ ಬರೆಯುತ್ತಾರೆ. 1ನ್ನು 12ರಿಂದ ಭಾಗಿಸಿದರೆ 0.08333 ಎಂದು ಕೊನೆಯಿಲ್ಲದೆ ಸಾಗುತ್ತದೆ, ಆದರೆ ದಾಸ್ತಾನಿನ ಪ್ರಮಾಣಕ್ಕೆ ಮೂರು ದಶಮಾಂಶ ಸ್ಥಾನ ಇಟ್ಟಿರುವುದು ತುಂಬಾ ಸಾಮಾನ್ಯ, ಹಾಗಾಗಿ ಒಂದು ಪೀಸಿನ ಸಾಲು 0.083 ಎಂದು ರೌಂಡ್ ಆಗುತ್ತದೆ. ಒಂದು ಬಾಕ್ಸನ್ನು ಬಿಡಿಬಿಡಿಯಾಗಿ ಮಾರಿದರೆ ಸಿಸ್ಟಂ ಕಳೆಯುವುದು 12 ಸಲ 0.083, ಅಂದರೆ 0.996. ಉಳಿದ 0.004 ಬಾಕ್ಸ್ ಯಾರ ಕಣ್ಣಿಗೂ ಬೀಳುವುದಿಲ್ಲ. 100 ಬಾಕ್ಸ್ ಮಾರಿ ಮುಗಿಸುವ ಹೊತ್ತಿಗೆ ಅದೇ ಉಳಿಕೆ 0.4 ಬಾಕ್ಸ್ ಆಗಿ ನಿಲ್ಲುತ್ತದೆ. ಪೀಸಿನ ಲೆಕ್ಕದಲ್ಲಿ ಅದು 4.8. ಗ್ರಾಹಕರೊಬ್ಬರು ನಾಲ್ಕು ಪೀಸ್ ಕೇಳಿದರೆ ಸಿಸ್ಟಂ ಇದೆ ಎಂದು ಆರ್ಡರ್ ತೆಗೆದುಕೊಳ್ಳುತ್ತದೆ. ಗೋದಾಮಿನಲ್ಲಿ ಒಂದೂ ಇರುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಅದೇ 1,200 ಪೀಸ್‌ಗಳನ್ನು ಸಾಲಿಗೆ 12ರಂತೆ ಮಾರಿದಾಗ ಪ್ರತಿ ಸಾಲೂ ಸರಿಯಾಗಿ 1.000 ಬಾಕ್ಸ್ ಆಗಿ ಕಳೆಯಿತು, ದೋಷವೇ ಬರಲಿಲ್ಲ. ಅಂದರೆ ತಪ್ಪಿನ ಗಾತ್ರ ಎಷ್ಟು ಮಾರಿದೆವು ಎಂಬುದನ್ನಲ್ಲ, ಎಷ್ಟು ತುಂಡಾಗಿ ಮಾರಿದೆವು ಎಂಬುದನ್ನು ಅವಲಂಬಿಸಿದೆ. ಹೀಗಾಗಿ ಸಗಟು ಕೌಂಟರಿನ ದಾಸ್ತಾನು ಸರಿಯಾಗಿದ್ದು, ಅದೇ ಐಟಂನ ಚಿಲ್ಲರೆ ಕೌಂಟರಿನ ದಾಸ್ತಾನು ಮಾತ್ರ ತಿಂಗಳು ತಿಂಗಳೂ ಹೆಚ್ಚು ತೋರಿಸಬಹುದು. ಆಗ ಎಲ್ಲರೂ ಕಳ್ಳತನವನ್ನೋ ಬಿಲ್ಲಿಂಗ್ ಮಾಡುವವರನ್ನೋ ಶಂಕಿಸುತ್ತಾರೆ. ಸಾಮಾನು ಹಿಂತಿರುಗಿ ಬಂದಾಗಲೂ ಹೀಗೆಯೇ: 12 ಪೀಸ್ ಒಂದೇ ಸಾಲಿನಲ್ಲಿ ಹೋಗಿ, ಒಂದೊಂದಾಗಿ ವಾಪಸಾದರೆ ಲೆಕ್ಕಕ್ಕೆ ಬರುವುದು 0.996 ಮಾತ್ರ.

ಕೆಲವು ಸಿಸ್ಟಂಗಳು ಯಾವಾಗಲೂ ಮೇಲಕ್ಕೇ ರೌಂಡ್ ಮಾಡುವಂತೆ ಹೊಂದಿಸಲು ಬಿಡುತ್ತವೆ. ಹಾಗೆ ಮಾಡಿದರೆ ಸಮಸ್ಯೆ ತಲೆಕೆಳಗಾಗುತ್ತದೆ, ಅಷ್ಟೆ. ಪ್ರತಿ ಪೀಸ್ 0.084 ಆಗುತ್ತದೆ, 11 ಪೀಸ್ ಹೋದ ಮೇಲೆ ಉಳಿಯುವುದು 0.076 ಬಾಕ್ಸ್; ಹನ್ನೆರಡನೆಯ ಪೀಸಿಗೆ ಬೇಕಾದದ್ದು 0.084. ಕೈಯಲ್ಲಿ ಪೀಸ್ ಹಿಡಿದು ನಿಂತಿದ್ದರೂ ಸಿಸ್ಟಂ ಸಾಕಷ್ಟು ದಾಸ್ತಾನು ಇಲ್ಲ ಎನ್ನುತ್ತದೆ.

ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿದರೆ ಸಾಲದೇ ಎಂಬ ಮಾತು ಆಗ ಬಂದೇ ಬರುತ್ತದೆ. ಆರು ಸ್ಥಾನ ಇಟ್ಟು ಅದೇ ಪರೀಕ್ಷೆ ನಡೆಸಿದೆ. 1,200 ಬಿಡಿ ಮಾರಾಟಗಳ ನಂತರ ಉಳಿದದ್ದು 0.0004 ಬಾಕ್ಸ್, ಒಂದು ಪೀಸಿನ ಇನ್ನೂರನೇ ಒಂದು ಭಾಗದಷ್ಟು. ಯಾರಿಗೂ ಇಲ್ಲದ ಸರಕನ್ನು ಮಾರುವ ಅಪಾಯ ಹೋಯಿತು, ನಿಜ. ಆದರೆ ಸೊನ್ನೆ ಬರಲಿಲ್ಲ. ಬ್ಯಾಚ್ ಮುಚ್ಚಲು, ಐಟಂ ನಿಷ್ಕ್ರಿಯಗೊಳಿಸಲು, ಗೋದಾಮು ಖಾಲಿ ಎಂದು ತೋರಿಸಲು ಸಿಸ್ಟಂ ಸಾಮಾನ್ಯವಾಗಿ ಕೇಳುವುದು ಸೊನ್ನೆಯನ್ನೇ. ಆ ಧೂಳಿನಂಥ ಉಳಿಕೆಯನ್ನು ಹೊಂದಾಣಿಕೆ ನಮೂದು ಹಾಕಿ ಒರೆಸುವ ಕೆಲಸ ಲೆಕ್ಕಪತ್ರದವರ ಪಾಲಿಗೆ ಬರುತ್ತದೆ.

ಎರಡನೆಯ ದಾರಿಯಲ್ಲಿ ದಾಸ್ತಾನಿನ ಯೂನಿಟ್ ಪೀಸ್. ಮಾರಾಟವಾಗುವ ಅತಿ ಚಿಕ್ಕ ಅಳತೆ ಯಾವುದೋ ಅದೇ ದಾಸ್ತಾನಿನ ಅಳತೆ. ಬಾಕ್ಸ್ ಎಂದರೆ 12 ಪೀಸ್ ಎಂದು ಪೂರ್ಣಾಂಕದ ಗುಣಕ. ಗುಣಾಕಾರ ಮಾತ್ರ ನಡೆಯುತ್ತದೆ, ಭಾಗಾಕಾರ ದಾಸ್ತಾನಿನ ಹತ್ತಿರವೇ ಸುಳಿಯುವುದಿಲ್ಲ. 1,200 ಒಳಗೆ ಬಂತು, 1,200 ಹೊರಗೆ ಹೋಯಿತು, ಉಳಿಕೆ ಸೊನ್ನೆ. ಇಆರ್‌ಪಿನೆಕ್ಸ್ಟ್‌ನಲ್ಲಿ ಐಟಂನ ಗುಣಕದ ಪಟ್ಟಿಯಲ್ಲಿ ಬಾಕ್ಸಿನ ಎದುರು `conversion_factor` 12 ಎಂದು ಬರೆದು, ಪೀಸ್ ಯೂನಿಟ್ಟಿಗೆ `Must be Whole Number` ಗುರುತು ಹಾಕಿದರೆ ಅರ್ಧ ಪೀಸಿನ ನಮೂದು ಬಾಗಿಲಲ್ಲೇ ನಿಲ್ಲುತ್ತದೆ.

ಈ ದಾರಿಯಲ್ಲಿ ತೊಂದರೆ ಪ್ರಮಾಣದಿಂದ ಹಣದ ಕಡೆಗೆ ಜಾರುತ್ತದೆ. ಬಾಕ್ಸಿನ ಬೆಲೆ 100 ಎಂದುಕೊಳ್ಳಿ. ಪೀಸಿಗೆ 8.33. 1,200 ಪೀಸ್ 8.33ರಂತೆ ಹೊರಹೋದರೆ 9,996, ಒಳಬಂದದ್ದು 10,000. ಪ್ರಮಾಣ ಸೊನ್ನೆಯಾದರೂ ಮೌಲ್ಯದಲ್ಲಿ 4 ಉಳಿದಿದೆ. ಇದನ್ನು ಸರಿಯಾಗಿ ನಿಭಾಯಿಸುವ ಸಿಸ್ಟಂ ಒಟ್ಟು ಮೌಲ್ಯವನ್ನು ಇಟ್ಟುಕೊಂಡು, ಪ್ರತಿ ಸಲವೂ ಉಳಿದ ಮೌಲ್ಯವನ್ನು ಉಳಿದ ಪ್ರಮಾಣದಿಂದ ಭಾಗಿಸಿ ದರ ಕಂಡುಕೊಳ್ಳುತ್ತದೆ. ಆಗ ಚಿಕ್ಕ ಉಳಿಕೆ ಮುಂದಿನ ಪೀಸ್‌ಗಳಿಗೆ ಹಂಚಿಹೋಗುತ್ತದೆ, ಕೊನೆಯ ಪೀಸ್ ಮಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ನಿಮ್ಮ ಸಿಸ್ಟಂ ಇವೆರಡರಲ್ಲಿ ಯಾವ ಬಗೆಯದು ಎಂದು ತಿಳಿಯಲು 100 ಬೆಲೆಯ ಒಂದೇ ಬಾಕ್ಸ್ ಕೊಂಡು, ಒಂದೊಂದೇ ಪೀಸ್ ಮಾರಿ, ಕೊನೆಯ ಪೀಸಿನ ವೆಚ್ಚ ನೋಡಿದರೆ ಸಾಕು. ಹಣದಲ್ಲಿ ಉಳಿಯುವ ಈ ಚೂರು ಗ್ರಾಹಕರಿಗೆ ಕೊಟ್ಟ ಮಾತನ್ನು ಮುರಿಯುವುದಿಲ್ಲ. ಆ ಕಾರಣಕ್ಕೇ ನನ್ನ ಆಯ್ಕೆ ಎರಡನೆಯ ದಾರಿ.

ಮೂರನೆಯದು ಗುಣಕವನ್ನು ದಶಮಾಂಶದ ಬದಲು ಭಿನ್ನರಾಶಿಯಾಗಿ ಇಡುವುದು. ಎಸ್‌ಎಪಿಯಲ್ಲಿ `MARM` ಕೋಷ್ಟಕದ `UMREZ` ಮತ್ತು `UMREN` ಎಂಬ ಎರಡು ಅಂಕಣಗಳಲ್ಲಿ ಅಂಶ ಮತ್ತು ಛೇದ ಪೂರ್ಣಾಂಕಗಳಾಗಿ ಕೂತಿರುತ್ತವೆ. ಇದರಿಂದ ರೌಂಡಿಂಗ್ ಸಮಸ್ಯೆಯೇ ಮಾಯವಾಗುತ್ತದೆ ಎಂಬ ನಂಬಿಕೆ ಹರಡಿದೆ. ಅದು ಅರ್ಧ ಸತ್ಯ. ದಾಸ್ತಾನಿನ ಯೂನಿಟ್ ಬಾಕ್ಸ್ ಆಗಿಯೇ ಇದ್ದರೆ, 1/12 ಎಂಬ ಗುಣಕ ಎಷ್ಟೇ ನಿಖರವಾಗಿರಲಿ, ಲೆಕ್ಕದ ಫಲಿತಾಂಶ ಮೂರು ದಶಮಾಂಶದ ಪ್ರಮಾಣದ ಅಂಕಣದಲ್ಲಿ 0.083 ಎಂದೇ ಕೂರುತ್ತದೆ. ನನ್ನ ಪರೀಕ್ಷೆಯಲ್ಲಿ ಉಳಿಕೆ ಮತ್ತೆ ಅದೇ 0.4 ಬಾಕ್ಸ್ ಬಂತು. ಗುಣಕದ ನಿಖರತೆ ಬೇರೆ, ಪ್ರಮಾಣದ ನಿಖರತೆ ಬೇರೆ.

ಭಿನ್ನರಾಶಿ ನಿಜವಾಗಿ ಉಪಯೋಗಕ್ಕೆ ಬರುವುದು ಪೂರ್ಣಾಂಕದ ಸಂಬಂಧವೇ ಇಲ್ಲದ ಅಳತೆಗಳಲ್ಲಿ. ನೆಟ್‌ವರ್ಕ್ ಕೇಬಲ್ 1,000 ಅಡಿಯ ಬಾಕ್ಸಿನಲ್ಲಿ ಬರುತ್ತದೆ. ದಾಸ್ತಾನು ಮೀಟರಿನಲ್ಲಿ, ಮಾರಾಟ ಅಡಿಯಲ್ಲಿ ಎಂದುಕೊಳ್ಳೋಣ. ಒಂದು ಅಡಿ ಎಂದರೆ ನಿಖರವಾಗಿ 0.3048 ಮೀಟರ್, 1959ರ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ಹಾಗೆ ಗೊತ್ತುಪಡಿಸಿತು. ಆದರೆ ಒಂದು ಮೀಟರಿಗೆ ಎಷ್ಟು ಅಡಿ ಎಂದು ತಿರುಗಿಸಿ ಬರೆದರೆ 3.28084 ಎಂದು ಎಲ್ಲಾದರೂ ಕತ್ತರಿಸಲೇಬೇಕು. ಭಿನ್ನರಾಶಿಯಲ್ಲಾದರೆ 1,250 ಅಡಿಗೆ ಸರಿಯಾಗಿ 381 ಮೀಟರ್, ಯಾವ ದಿಕ್ಕಿನಿಂದ ಓದಿದರೂ ಪೂರ್ತಿ. ಭಿನ್ನರಾಶಿ ಇಲ್ಲದ ಸಿಸ್ಟಂನಲ್ಲಿ ದಶಮಾಂಶ ಮುಗಿಯುವ ದಿಕ್ಕಿನಿಂದ, ಅಂದರೆ 0.3048 ಎಂದು, ಬರೆಯುವುದೇ ಸರಿ.

ಕೇಬಲಿನಲ್ಲಿ ರೌಂಡಿಂಗಿಗಿಂತ ಹೆಚ್ಚು ಹಾನಿ ಮಾಡುವುದು ಬಾಕ್ಸಿನ ಮೇಲಿನ ಬರಹ. ಅಲ್ಲಿ 305 ಮೀಟರ್ ಎಂದು ಅಚ್ಚಾಗಿರುತ್ತದೆ. 1,000 ಅಡಿಗೆ ಲೆಕ್ಕ ಬರುವುದು 304.8. ಖರೀದಿಯವರು ಬಾಕ್ಸಿಗೆ 305 ಎಂದು, ಮಾರಾಟದವರು ಅಡಿಗೆ 0.3048 ಎಂದು ತಂತಮ್ಮ ಪರದೆಯಲ್ಲಿ ಬೇರೆ ಬೇರೆ ಗುಣಕ ಬರೆದರೆ, ಪ್ರತಿ ಬಾಕ್ಸಿಗೂ 0.2 ಮೀಟರ್ ಇಲ್ಲದ ಕೇಬಲ್ ಹುಟ್ಟುತ್ತದೆ. 100 ಬಾಕ್ಸಿಗೆ 20 ಮೀಟರ್. ಪ್ರತಿ ಯೂನಿಟ್ಟನ್ನೂ ದಾಸ್ತಾನಿನ ಯೂನಿಟ್ಟಿಗೆ ಎದುರಾಗಿ ಒಂದೇ ಕಡೆ ಬರೆದು, ಬಾಕ್ಸನ್ನು ಮತ್ತು ಅಡಿಯನ್ನು ಪರಸ್ಪರ ತಾಳೆ ನೋಡುವುದು ಬಿಟ್ಟರೆ ಇದಕ್ಕೆ ಬೇರೆ ಉಪಾಯ ಇಲ್ಲ.

ನಾಲ್ಕನೆಯ ದಾರಿ ಎರಡು ಪ್ರಮಾಣಗಳನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವುದು: ತೂಕವೂ ಇರಲಿ, ಉದ್ದವೂ ಇರಲಿ, ಇವುಗಳ ನಡುವಿನ ಗುಣಕ ಪ್ರತಿ ಲಾಟಿಗೂ ಬೇರೆ. ತಾಮ್ರದ ತಂತಿಯನ್ನು ಕಿಲೋದಲ್ಲಿ ಕೊಂಡು ಮೀಟರಿನಲ್ಲಿ ಮಾರುವಾಗ ಇದು ಬೇಕಾಗುತ್ತದೆ. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. 1 ಮಿಲಿಮೀಟರ್ ವ್ಯಾಸದ ಬರಿಯ ತಂತಿ ಮೀಟರಿಗೆ ಸುಮಾರು 7.04 ಗ್ರಾಂ ತೂಗುತ್ತದೆ, 25 ಕಿಲೋ ಸುರುಳಿಯಲ್ಲಿ ಸುಮಾರು 3,553 ಮೀಟರ್ ಇರುತ್ತದೆ. ವ್ಯಾಸ 1.01 ಮಿಲಿಮೀಟರ್ ಆದರೆ ಅದೇ 25 ಕಿಲೋದಲ್ಲಿ ಸುಮಾರು 3,483 ಮೀಟರ್ ಮಾತ್ರ. ವ್ಯಾಸದಲ್ಲಿ ಶೇಕಡಾ ಒಂದರ ವ್ಯತ್ಯಾಸ ಒಂದು ಸುರುಳಿಗೆ 70 ಮೀಟರ್ ನುಂಗಿತು. ಇಂಥ ಸರಕಿಗೆ ಗುಣಕದಲ್ಲಿ ಹತ್ತು ದಶಮಾಂಶ ಸ್ಥಾನ ಬರೆದರೂ ಪ್ರಯೋಜನವಿಲ್ಲ, ಏಕೆಂದರೆ ಗುಣಕವೇ ಸ್ಥಿರವಲ್ಲ. ಸರಕು ಒಳಬರುವಾಗಲೇ ತೂಗಿ, ಉದ್ದ ಅಳೆದು, ಲಾಟಿನೊಂದಿಗೆ ಎರಡನ್ನೂ ದಾಖಲಿಸಬೇಕು. ಪ್ರತಿ ರವಾನೆಗೂ ಎರಡು ಅಂಕಿ ತುಂಬಬೇಕಾದ್ದರಿಂದ ಇದು ಗೋದಾಮಿನವರ ಸಮಯ ತಿನ್ನುತ್ತದೆ. 12ರ ಬಾಕ್ಸಿನಂಥ ಐಟಂಗೆ ಇದನ್ನು ಹಚ್ಚುವುದು ಶುದ್ಧ ವ್ಯರ್ಥ.

ಈಗಾಗಲೇ ಮೊದಲ ದಾರಿಯಲ್ಲಿ ಓಡುತ್ತಿರುವ ಸಿಸ್ಟಂನಲ್ಲಿ ಹಾನಿ ಎಷ್ಟಾಗಿದೆ ಎಂದು ನೋಡಲು ದಾಸ್ತಾನನ್ನು ಪೀಸಿಗೆ ತಿರುಗಿಸಿ, ಪೂರ್ಣಾಂಕದಿಂದ ದೂರ ಸರಿದವನ್ನು ಹುಡುಕಬೇಕು. ಇಲ್ಲಿ `factor` ಎಂದರೆ ಒಂದು ಬಾಕ್ಸಿಗೆ ಎಷ್ಟು ಪೀಸ್ ಎಂಬುದು, ಅಂದರೆ 12; ಕೋಷ್ಟಕ ಮತ್ತು ಅಂಕಣಗಳ ಹೆಸರನ್ನು ನಿಮ್ಮ ಸಿಸ್ಟಂಗೆ ತಕ್ಕಂತೆ ಬದಲಿಸಿಕೊಳ್ಳಿ:

```sql
SELECT item_code, qty, qty * factor AS pcs
FROM stock_balance
WHERE ABS(qty * factor - ROUND(qty * factor)) > 0.0005 * factor;
```

ಮೂರು ದಶಮಾಂಶದಲ್ಲಿ ಒಂದು ರೌಂಡಿಂಗ್ ತರಬಹುದಾದ ಗರಿಷ್ಠ ತಪ್ಪು 0.0005, 12ರ ಬಾಕ್ಸಿಗೆ ಅದು 0.006 ಪೀಸ್. ಒಂದೇ ಪೀಸ್ ಹೋದ ಬಾಕ್ಸ್ 0.917 ಎಂದಿದ್ದು 11.004 ಪೀಸ್ ಎಂದು ತೋರಿದರೆ ಅದು ಈ ಮಿತಿಯೊಳಗೇ ಇದೆ. ಮಿತಿ ದಾಟಿದ ಐಟಂಗಳಲ್ಲಿ ತಪ್ಪು ಒಂದರ ಮೇಲೊಂದು ಕೂಡಿಕೊಂಡಿದೆ ಎಂದರ್ಥ.

ಸರಿಪಡಿಸಲು ಯೂನಿಟ್ಟನ್ನು ಸುಮ್ಮನೆ ಬದಲಿಸಲಾಗುವುದಿಲ್ಲ. ವಹಿವಾಟು ನಡೆದ ಐಟಂನ ದಾಸ್ತಾನು ಯೂನಿಟ್ ಬದಲಿಸಲು ಇಆರ್‌ಪಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪಲೂ ಬಾರದು. ತೆರೆದಿರುವ ಆರ್ಡರ್‌ಗಳನ್ನು ಮುಗಿಸಿ, ಸರಕನ್ನು ಕೈಯಾರೆ ಎಣಿಸಿ, ಹಳೆಯ ಕೋಡನ್ನು ಹೊಂದಾಣಿಕೆ ನಮೂದಿನಿಂದ ಸೊನ್ನೆಗೆ ತಂದು, ಪೀಸ್ ಯೂನಿಟ್ಟಿನ ಹೊಸ ಕೋಡಿಗೆ ಎಣಿಸಿದ ಪ್ರಮಾಣವನ್ನು ಆರಂಭಿಕ ದಾಸ್ತಾನಾಗಿ ಹಾಕಬೇಕು. ಸಿಸ್ಟಂ ತೋರಿಸುವ ಅಂಕಿಯನ್ನೇ 12ರಿಂದ ಗುಣಿಸಿ ಹೊಸ ಕೋಡಿಗೆ ಸಾಗಿಸಿದರೆ ಆ 4.8 ಪೀಸ್ 5 ಆಗಿ ಹೊಸ ಲೆಕ್ಕದಲ್ಲೂ ನೆಲೆಯೂರುತ್ತದೆ. ಮುಂದೆ ಪೂರೈಕೆದಾರರು ಬಾಕ್ಸನ್ನು 12ರಿಂದ 10ಕ್ಕೆ ಇಳಿಸಿದಾಗಲೂ ಹಳೆಯ ಗುಣಕವನ್ನು ತಿದ್ದದೆ, ಹತ್ತರ ಬಾಕ್ಸ್ ಎಂಬ ಬೇರೆ ಯೂನಿಟ್ಟನ್ನೇ ತೆರೆಯಬೇಕು. ಇಲ್ಲದಿದ್ದರೆ ದಾರಿಯಲ್ಲಿರುವ ಹಳೆಯ ಬಾಕ್ಸುಗಳು ಹತ್ತರ ಲೆಕ್ಕದಲ್ಲಿ ಒಳಬರುವ ಸಾಧ್ಯತೆ ಇರುತ್ತದೆ.